ಸಂದರ್ಶನದ ಮರುದಿನ ಬರೆದ ಪತ್ರ

ಶಿರಸಿಯ ಅಡಿಕೆ ಮಾರಾಟ ಸಹಕಾರಿ ಸಂಘವೊಂದರಲ್ಲಿ ಲೆಕ್ಕಿಗರ ಹುದ್ದೆಗೆ ಸಂದರ್ಶನ ನಡೆದಿದೆ ಎಂದಿಟ್ಟುಕೊಳ್ಳಿ. ಅಭ್ಯರ್ಥಿ ಸಿದ್ದಾಪುರದ ಕಡೆಯವಳು. ಬೆಂಗಳೂರಿನ ಕಂಪನಿಯಲ್ಲಿ ಲೆಕ್ಕ ಬರೆದವಳು. "ಕಂಪನಿ ಲೆಕ್ಕ ಬೇರೆ, ಅಡಿಕೆ ಲೆಕ್ಕ ಬೇರೆ. ನಿಮಗೆ ಆಗ್ತದಾ?" ಎಂದು ಕಾರ್ಯದರ್ಶಿ ಕೇಳಿದಾಗ "ಕಲೀತೇನೆ ಸರ್" ಎಂದಷ್ಟೇ ಹೇಳಿ ಎದ್ದುಬಂದಿದ್ದಾಳೆ. ಮರುದಿನ ಅವರಿಗೆ ಧನ್ಯವಾದದ ಪತ್ರ ಬರೆಯಬೇಕು.

ಮೊದಲ ಕರಡಿನಲ್ಲಿ ಅವಳು "ನಾನು ಶ್ರಮಜೀವಿ, ಬೇಗ ಕಲಿಯುತ್ತೇನೆ, ಒಂದು ಅವಕಾಶ ಕೊಡಿ" ಎಂದು ಬರೆಯುತ್ತಾಳೆ. ಕೇಳಿದವರ ಅನುಮಾನ ಇದರಿಂದ ಒಂದಿಂಚೂ ಕದಲುವುದಿಲ್ಲ, ಕೋಣೆಯಲ್ಲಿ ಆಡಿದ ಮಾತೇ ಉದ್ದವಾಗಿದೆ ಅಷ್ಟೇ.

ಎರಡನೆಯ ಕರಡು ಹೀಗಿದೆ: "ಅಡಿಕೆ ಲೆಕ್ಕದ ಬಗ್ಗೆ ತಾವು ಕೇಳಿದ್ದಕ್ಕೆ ನಿನ್ನೆ ಸರಿಯಾಗಿ ಉತ್ತರಿಸಲಿಲ್ಲ. ಸದಸ್ಯರೊಬ್ಬರ 2 ಕ್ವಿಂಟಲ್ ಚಾಲಿ ಟೆಂಡರಿನಲ್ಲಿ ಕ್ವಿಂಟಲಿಗೆ 40,000 ರೂಪಾಯಿಗೆ ಹೋದರೆ, ಆ 80,000 ಸಂಘದ ಮಾರಾಟವಲ್ಲ, ಸದಸ್ಯರ ಹಣ. ಸಂಘದ ಆದಾಯ ಕಮಿಷನ್ ಮಾತ್ರ. ಅವರ ಸಾಲದ ಬಾಕಿಗೆ 30,000 ಮುರಿದುಕೊಂಡರೆ ಅದೂ ಆದಾಯವಲ್ಲ, ಸಾಲದ ವಸೂಲಿ. ಕಂಪನಿಯಲ್ಲಿ ಮಾಡಿದಂತೆ ಎಲ್ಲವನ್ನೂ ಮಾರಾಟದ ಖಾತೆಗೆ ಹಾಕಿದರೆ ತಪ್ಪಾಗುತ್ತದೆಂಬುದು ತಿಳಿದಿದೆ. ರಾಶಿ, ಬೆಟ್ಟೆಗಳ ದರ್ಜೆ ಗುರುತಿಸಲು ನನಗೆ ಬಾರದು; ಅದನ್ನು ಯಾರ್ಡಿನವರಿಂದ ಕಲಿಯಬೇಕು."

ಇದು ಉತ್ತರ. ಕೇಳಿದವರ ಭಯ ಟ್ಯಾಲಿಯ ಬಗ್ಗೆ ಇರಲಿಲ್ಲ. ಬೆಳೆಗಾರನ ದುಡ್ಡನ್ನು ಸಂಘದ ದುಡ್ಡಿನಿಂದ ಬೇರ್ಪಡಿಸಲು ಇವಳಿಗೆ ಬರುತ್ತದೆಯೇ ಎಂಬುದೇ ಅವರ ಪ್ರಶ್ನೆಯಾಗಿತ್ತು. ಪತ್ರ ಅದನ್ನು ಮಾಡಿಯೇ ತೋರಿಸಿದೆ. ಬಾರದ್ದನ್ನು ಬಾರದು ಎಂದ ವಾಕ್ಯದಿಂದ ಹಿಂದಿನವುಗಳಿಗೆ ತೂಕ ಬಂದಿದೆ. ಹುದ್ದೆಗೆ ತಾನು ಹೊಂದುತ್ತೇನೆ ಎಂದು ಪ್ರತ್ಯೇಕವಾಗಿ ಸಾರುವ ಅಗತ್ಯವೂ ಉಳಿಯಲಿಲ್ಲ.

ಈ ಕರಡು ಕೆಟ್ಟಿರುವುದು ಅದರ ಕೊನೆಯ ಪ್ಯಾರಾದಲ್ಲಿ: "ತಮ್ಮ ಮಾವನ ಮನೆ ನಮ್ಮೂರಿನಲ್ಲೇ ಎಂದು ತಿಳಿದು ಸಂತೋಷವಾಯಿತು." ಯಲ್ಲಾಪುರದಿಂದ ಸಿದ್ದಾಪುರದವರೆಗೆ ಎಲ್ಲಿ ಇಬ್ಬರು ಕೂತರೂ ಮೂರನೆಯ ಮಾತಿಗೆ ನೆಂಟಸ್ತಿಕೆ ಹೊರಬೀಳುವುದು ಸಹಜ. ಮದುವೆ ಮನೆಯಲ್ಲಿ ಅದು ಚಂದ, ಇಲ್ಲಿ ಶಿಫಾರಸಿನ ವಾಸನೆ ಹೊಡೆಯುತ್ತದೆ. ಒಳ್ಳೆಯ ಉತ್ತರವೂ ಇದರಿಂದ ಅನುಮಾನಕ್ಕೆ ಗುರಿಯಾಗುತ್ತದೆ. ಆ ಸಾಲನ್ನು ಹೊಡೆದುಹಾಕಿ.

ಇಂಥ ಪತ್ರ ಎಲ್ಲ ಕಡೆ ನಡೆಯುವುದಿಲ್ಲ. ಬ್ಯಾಂಕು, ಸರ್ಕಾರಿ ನೇಮಕಾತಿಯ ಪ್ರಕಟಣೆಗಳಲ್ಲಿ ಪ್ರಭಾವ ಬೀರಲು ಯತ್ನಿಸಿದರೆ ಅನರ್ಹತೆ ಎಂದು ಬರೆದಿರುತ್ತದೆ. ಪ್ರಕಟಣೆಯಲ್ಲಿ ಆ ಸಾಲಿದ್ದರೆ ಪತ್ರ ಬರೆಯಬೇಡಿ. ಇಲ್ಲದಿದ್ದರೆ ಮರುದಿನವೇ ಕಳಿಸಿ, ಒಂದು ಪುಟ ಮೀರದಿರಲಿ.