ಬಸ್ಸಾರಿನ ಸದ್ದು, ಮೊಟ್ಟೆಯ ನಾತ

ಹುರುಳಿಕಾಳಿನ ಬಸ್ಸಾರು, ಬಿಸಿ ಮುದ್ದೆ, ಪಕ್ಕದಲ್ಲಿ ಬೇಯಿಸಿದ ಮೊಟ್ಟೆ, ಕಚ್ಚಿಕೊಳ್ಳಲು ಹಸಿ ಈರುಳ್ಳಿ. ಇಂಥ ಊಟವಾಗಿ ನಾಲ್ಕೈದು ಗಂಟೆಗೆ ಹೊಟ್ಟೆ ಗುಡುಗಲು ಶುರುವಾದರೆ ಬೈಗುಳವೆಲ್ಲ ಹುರುಳಿಗೇ ಬೀಳುತ್ತದೆ. ಇದು ಅರ್ಧ ಅನ್ಯಾಯ. ಹೂಸಿನ ಸದ್ದು ಕಾಳಿನದು ನಿಜ, ನಾತದ ವಿಚಾರಣೆ ಬೇರೆಯೇ ಆಗಬೇಕು.

ಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಹಾಗಾಗಿ ಅವು ಇದ್ದಂತೆಯೇ ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿನ ಬ್ಯಾಕ್ಟೀರಿಯಾ ಹುದುಗಿಸುತ್ತವೆ. ಹುಟ್ಟುವುದು ಜಲಜನಕ, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್. ಇವುಗಳಲ್ಲಿ ಯಾವುದಕ್ಕೂ ವಾಸನೆಯಿಲ್ಲ.

ಹಾಗಾದರೆ ನಾತ ಯಾರದು? ಅಮೆರಿಕದ ಮೈಕೆಲ್ ಲೆವಿಟ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 16 ಮಂದಿಗೆ ಪಿಂಟೊ ಬೀನ್ಸ್ ತಿನ್ನಿಸಿ, ಅವರ ಹೂಸನ್ನು ಹಿಡಿದಿಟ್ಟು, ಇಬ್ಬರು ತೀರ್ಪುಗಾರರ ಮೂಗಿಗೆ ಒಡ್ಡಿದ್ದರು. (ಆ ಇಬ್ಬರಿಗೆ ನನ್ನ ನಮಸ್ಕಾರ.) ನಾತದ ತೀವ್ರತೆಗೆ ಎಲ್ಲಕ್ಕಿಂತ ಹೆಚ್ಚು ಹೊಂದಿದ್ದು ಗಂಧಕದ ಅನಿಲಗಳು, ಅದರಲ್ಲೂ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆ ನಾರುವುದೂ ಇದರಿಂದಲೇ. ಒಟ್ಟು ಅನಿಲದಲ್ಲಿ ಅದರ ಪಾಲು ಅತ್ಯಲ್ಪ, ಮೂಗಿಗೆ ಅಷ್ಟೇ ಸಾಕು.

ಮೊಟ್ಟೆಯ ಪ್ರೋಟೀನಿನಲ್ಲಿ ಗಂಧಕವಿರುವ ಅಮೈನೋ ಆಮ್ಲಗಳು ಧಾರಾಳ. ಆದರೆ ಬೇಯಿಸಿದ ಮೊಟ್ಟೆಯ ಪ್ರೋಟೀನು ಸುಮಾರು ನೂರಕ್ಕೆ 90ರಷ್ಟು ಸಣ್ಣ ಕರುಳಿನಲ್ಲೇ ಜೀರ್ಣವಾಗುತ್ತದೆ, ಹಸಿಯದು ಅರ್ಧದಷ್ಟು ಮಾತ್ರ. ಒಂದೆರಡು ಮೊಟ್ಟೆ ಬೇಯಿಸಿ ತಿಂದವರಿಂದ ಅಕ್ಕಪಕ್ಕದವರಿಗೆ ಹೆಚ್ಚು ಭಯವಿಲ್ಲ. ಜಿಮ್ಮಿಗೆ ಹೋಗುವ ಹುಡುಗರು ಲೋಟಕ್ಕೆ ಒಡೆದು ಸುರಿದುಕೊಂಡು ಕುಡಿಯುವ ಹಸಿ ಮೊಟ್ಟೆಗಳೇ ಅಪಾಯಕಾರಿ. ಜೀರ್ಣವಾಗದೆ ಕೆಳಗಿಳಿದ ಪಾಲನ್ನು ಬ್ಯಾಕ್ಟೀರಿಯಾ ಒಡೆದಾಗ ಗಂಧಕ ಅನಿಲವಾಗಿ ಹೊರಡುತ್ತದೆ. ಈರುಳ್ಳಿಯದು ಎರಡೂ ಕಡೆಯ ಸಾಕ್ಷಿ: ಅದರ ಫ್ರಕ್ಟಾನ್ ಕಾಳಿನ ಸಕ್ಕರೆಯಂತೆಯೇ ಹುದುಗುತ್ತದೆ, ಜೊತೆಗೆ ಕಣ್ಣೀರು ತರಿಸುವ ಗಂಧಕವೂ ಅದರಲ್ಲೇ ಇದೆ.

ಇನ್ನು ಅಡುಗೆಮನೆಗೆ ಬರೋಣ. ಕಾಳು ನೆನೆಸಿದ ನೀರನ್ನು ಚೆಲ್ಲಿದರೆ ಸಕ್ಕರೆಯ ಒಂದು ಪಾಲು ಹೋಗುತ್ತದೆ. ಬೇಯಿಸಿ ಬಸಿದ ನೀರಿನಲ್ಲೂ ಅದು ಇಳಿದಿರುತ್ತದೆ. ಆದರೆ ಬಸ್ಸಾರಿನಲ್ಲಿ ಆ ಕಟ್ಟೇ ಸಾರಾಗುತ್ತದಲ್ಲ! ಅದನ್ನು ಚೆಲ್ಲಿ ಎಂದು ನಾನಂತೂ ಹೇಳಲಾರೆ. ಅದರ ಬದಲು ರಾತ್ರಿ ನೆನೆಸಿ, ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಮೊಳಕೆ ಬರಿಸಿ. ಮೊಳೆಯುವ ಕಾಳು ತನ್ನ ಬೆಳವಣಿಗೆಗೆ ಆ ಸಕ್ಕರೆಗಳನ್ನು ತಾನೇ ತಿನ್ನುತ್ತದೆ, ಕಟ್ಟಿನ ರುಚಿಗೂ ಧಕ್ಕೆಯಿಲ್ಲ. ಈರುಳ್ಳಿ ಸಹಿಸದವರು ಅದರ ದೊಡ್ಡ ಹೋಳುಗಳನ್ನು ಎಣ್ಣೆಯಲ್ಲಿ ಬಾಡಿಸಿ ತೆಗೆದಿಟ್ಟು, ಆ ಎಣ್ಣೆಯಲ್ಲೇ ಒಗ್ಗರಣೆ ಕೊಡಲಿ. ಘಮ ಎಣ್ಣೆಗೆ ಇಳಿದಿರುತ್ತದೆ, ನೀರಿನಲ್ಲಿ ಮಾತ್ರ ಕರಗುವ ಫ್ರಕ್ಟಾನ್ ಹೋಳಿನಲ್ಲೇ ಉಳಿದಿರುತ್ತದೆ.