‘ರು’ ಪ್ರತ್ಯಯದ ಬಿಕ್ಕಟ್ಟು

ನನ್ನದೊಂದು ಕಥೆಯಲ್ಲಿ ಹೀಗೊಂದು ವಾಕ್ಯವಿದೆ: ‘ಪಾಳಿ ಮುಗಿಸಿ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಂದ ಅಣ್ಣನಿಗೆ ಅಮ್ಮ ಊಟ ಬಡಿಸಿ, ಮಾತಾಡದೆ ಒಳಗೆ ಹೋದರು.’ ಅದನ್ನು ಯಂತ್ರಾನುವಾದಕ್ಕೆ ಕೊಟ್ಟೆ. ಇಂಗ್ಲಿಷಿನಲ್ಲಿ ಅಮ್ಮ, ಮಗ ಇಬ್ಬರೂ ಒಳಗೆ ಹೋಗಿಬಿಟ್ಟರು! ತಟ್ಟೆಯ ಮುಂದೆ ಒಂಟಿಯಾಗಿ ಕುಳಿತ ಮಗನೇ ಆ ಕಥೆಯ ಜೀವ.

ತಪ್ಪಿನ ಬೇರು ಕೊನೆಯ ‘ರು’ದಲ್ಲಿದೆ. ಅದು ಬಹುವಚನವೂ ಹೌದು, ಗೌರವವೂ ಹೌದು. ಗಂಡು ಹೆಣ್ಣನ್ನು ಹೇಳುವುದಿಲ್ಲ. ಪುಸ್ತಕದ ಉರ್ದುವಿನಲ್ಲಿ ‘ಅಮ್ಮಿ ಚಲೀ ಗಯೀಂ’ ಎಂದರೆ ಹೆಣ್ಣು, ಗೌರವ ಎರಡೂ ಉಳಿಯುತ್ತವೆ. ಇಂಗ್ಲಿಷಿನ ಕ್ರಿಯಾಪದದಲ್ಲಿ ಗೌರವಕ್ಕೆ ಜಾಗವಿಲ್ಲ. ಅಲ್ಲಿ ‘ಶೀ’ ಅಥವಾ ‘ದೇ’ ಎಂದು ಆರಿಸಲೇಬೇಕು.

ವಾಕ್ಯ ಉದ್ದವಾದಷ್ಟೂ ತೊಡಕು ಹೆಚ್ಚು. ಮುಗಿಸಿ, ಬಂದ, ಬಡಿಸಿ, ಮಾತಾಡದೆ—ಇವು ಯಾವುವೂ ಕರ್ತೃವನ್ನು ಸೂಚಿಸುವುದಿಲ್ಲ. ‘ಮುಗಿಸಿ’ ಅಣ್ಣನದು, ‘ಬಡಿಸಿ’ ಅಮ್ಮನದು. ನಾವು ಇದನ್ನು ‘ಅಣ್ಣನಿಗೆ’ ಎಂಬಲ್ಲಿನ ‘ಗೆ’ ವಿಭಕ್ತಿಯಿಂದ ಬೇರ್ಪಡಿಸುತ್ತೇವೆ. ಕೊನೆಯ ಗಂಟು ತಪ್ಪಿದರೆ ಹಿಂದಿನ ಎಳೆಗಳೂ ಜಾರುತ್ತವೆ.

ಪರೀಕ್ಷಿಸುವುದು ಸುಲಭ. ‘ಹೋದರು’ ಬದಲು ‘ಹೋದಳು’ ಬರೆದು ಮತ್ತೆ ಕೊಡಿ. ಈಗ ಅಮ್ಮ ಒಬ್ಬರೇ ಹೋದರೆ ದೋಷ ಆ ಪ್ರತ್ಯಯದ್ದೇ. ವಾಕ್ಯವನ್ನು ಎರಡಾಗಿ ಒಡೆಯುವುದೂ ಉಂಟು. ಆಗ ಎರಡನೆಯದರಲ್ಲಿಯೂ ‘ಅಮ್ಮ’ ಎಂದು ಬರೆಯಬೇಕು. ಇಲ್ಲವಾದರೆ ‘ಹೋದರು’ ಯಾರು ಎಂಬುದು ಮತ್ತೆ ಊಹೆಗೆ ಬೀಳುತ್ತದೆ.

ಆದರೆ ನಮ್ಮ ಮನೆಯಲ್ಲಿ ಅಮ್ಮನಿಗೆ ಯಾರೂ ‘ಹೋದಳು’ ಅನ್ನುವುದಿಲ್ಲ. ಪರೀಕ್ಷೆಗೆ ಬದಲಿಸಿದ ಪದವನ್ನು ಕಥೆಯಲ್ಲಿ ಉಳಿಸಲಾರೆ. ತಿದ್ದಬೇಕಾದದ್ದು ಇಂಗ್ಲಿಷನ್ನು.