ಮೂವತ್ತೊಂದು ಹೆಸರಿನ ಬಾಗಿಲು

ಘಟಪ್ರಭಾದಲ್ಲಿ ಮನೆಯ ನಕ್ಷೆ ತೆಗೆಯುವ ಹುಡುಗನೊಬ್ಬ ತನ್ನ ಆಟೋಕ್ಯಾಡ್ ಫೈಲನ್ನು ನನಗೆ ತೋರಿಸಿದ. ಪ್ಲಾನಿನಲ್ಲಿದ್ದ ಒಂದು ಬಾಗಿಲನ್ನು ಒತ್ತಿದಾಗ ಪುಟ್ಟ ತ್ರಿಕೋನವೊಂದು ಮೂಡಿತು. ಅದನ್ನು ಒತ್ತಿದರೆ ಹೆಸರುಗಳ ಪಟ್ಟಿ ಸ್ಕ್ರೀನಿನ ಕೆಳಗಿನವರೆಗೂ ಇಳಿಯಿತು. "ಎಲ್ಲಾ ಒಂದರಾಗ ಐತ್ರಿ ಸರ್, ಬಾಗಲಾ, ಕಿಡಕಿ, ಎಲ್ಲಾ" ಅಂದ. ಎಣಿಸಿ ನೋಡಿದೆ, 31 ಹೆಸರುಗಳಿದ್ದವು.

ಶ್ರಮ ದೊಡ್ಡದು, ಒಪ್ಪುತ್ತೇನೆ. ಒಂದು ಕದದ ಬಾಗಿಲು ಮೂರು ಅಗಲದಲ್ಲಿ: 2'6", 3', 3'6". ಒಂದೊಂದಕ್ಕೂ ಎಡ, ಬಲ, ಒಳಗೆ, ಹೊರಗೆ ಎಂದು ನಾಲ್ಕು ರೂಪ, ಅಲ್ಲಿಗೆ 12. ಜೋಡಿ ಕದದ ತಲೆಬಾಗಿಲು ಎರಡು ಅಗಲ, ಎರಡು ದಿಕ್ಕು; 4. ಕದವಿಲ್ಲದ ಬರೇ ಓಪನಿಂಗ್ 3. ಕಿಡಕಿ ನಾಲ್ಕು ಅಗಲದಲ್ಲಿ, ಮೂರು ದಪ್ಪದ ಗೋಡೆಗಳಿಗೆ, 12. ಆದರೆ ಗಿರಾಕಿ ಬಂದು ಬಚ್ಚಲಿಗೆ 2'9" ಬಾಗಿಲು ಬೇಕು ಅಂದರೆ ಮತ್ತೆ ನಾಲ್ಕು ರೂಪಗಳನ್ನು ಬರೆಯಬೇಕು. ಇನ್ನೊಂದು ಕೊರತೆ ಅವನಿಗೇ ಕಂಡಿರಲಿಲ್ಲ. ಬಾಗಿಲುಗಳನ್ನೆಲ್ಲ 9 ಇಂಚಿನ ಗೋಡೆಗೆಂದೇ ಬರೆದಿದ್ದ. ಬಚ್ಚಲಿನ ನಾಲ್ಕೂವರೆ ಇಂಚಿನ ಗೋಡೆಯಲ್ಲಿಟ್ಟರೆ ಚೌಕಟ್ಟು ಹೊರಗೆ ಚಾಚುತ್ತದೆ, ಹಳೆಯ ಮನೆಯ 18 ಇಂಚಿನ ಕಲ್ಲುಗೋಡೆಯಲ್ಲಿಟ್ಟರೆ ಒಳಗೇ ಮುಳುಗುತ್ತದೆ.

ತಪ್ಪು ಕೈಚಳಕದ್ದಲ್ಲ, ವಿಂಗಡಣೆಯದು. ಡೈನಾಮಿಕ್ ಬ್ಲಾಕ್ ಆಟೋಕ್ಯಾಡ್ 2006ರಲ್ಲಿ ಬಂದದ್ದು. ಅದರೊಳಗಿನ ವಿಸಿಬಿಲಿಟಿ ಸ್ಟೇಟ್ ಮಾಡುವ ಕೆಲಸ ಒಂದೇ: ಕೆಲವು ಗೆರೆಗಳನ್ನು ತೋರಿಸುವುದು, ಕೆಲವನ್ನು ಅಡಗಿಸುವುದು. ಒಂಟಿ ಕದಕ್ಕೂ ಜೋಡಿ ಕದಕ್ಕೂ ಗೆರೆಗಳೇ ಬೇರೆ, ಆದ್ದರಿಂದ ಅಲ್ಲಿ ಅದು ಬೇಕು. ಮೂರಡಿ ಬಾಗಿಲಿಗೂ ಮೂರೂವರೆ ಅಡಿ ಬಾಗಿಲಿಗೂ ಗೆರೆಗಳು ಅವೇ, ಬದಲಾಗುವುದು ಉದ್ದ ಮಾತ್ರ. ಅದು ಲೀನಿಯರ್ ಪ್ಯಾರಾಮೀಟರ್‌ನ ಕೆಲಸ. ಎಡ–ಬಲ ಎನ್ನುವುದು ಕನ್ನಡಿಯ ಬಿಂಬ. ಅದಕ್ಕೆ ಫ್ಲಿಪ್ ಇದೆ. ಒಂದು ಬ್ಲಾಕಿಗೆ ವಿಸಿಬಿಲಿಟಿ ಪ್ಯಾರಾಮೀಟರ್ ಒಂದೇ ಸಿಗುವುದರಿಂದ ಅದನ್ನು ಅಳತೆಗಳಿಗೆ ಖರ್ಚು ಮಾಡಿದರೆ ಪಟ್ಟಿ ಗುಣಾಕಾರದಲ್ಲಿ ಬೆಳೆಯುತ್ತದೆ.

ಹಾಗೆ ವಿಂಗಡಿಸಿದರೆ ಬಾಗಿಲಿಗೆ ಮೂರೇ ಸ್ಟೇಟ್ ಸಾಕು: ಒಂಟಿ ಕದ, ಜೋಡಿ ಕದ, ಓಪನಿಂಗ್. ಅಗಲಕ್ಕೊಂದು, ಗೋಡೆಯ ದಪ್ಪಕ್ಕೊಂದು ಲೀನಿಯರ್, ಜೊತೆಗೆ ಎರಡು ಫ್ಲಿಪ್. ಕಿಡಕಿಗೆ ಬೇರೆಯದೇ ಬ್ಲಾಕ್ ಇರಲಿ ಎಂಬುದು ನನ್ನ ಹಟ. ಲೀನಿಯರ್‌ನ Value Set ನಲ್ಲಿ List ಆರಿಸಿ 30, 33, 36, 42 ಎಂದು ಅಗಲಗಳನ್ನು ಕೊಡುತ್ತೇವಲ್ಲ, ಆ ಪಟ್ಟಿ ಪ್ಯಾರಾಮೀಟರ್‌ಗೆ ಸೇರಿದ್ದು, ಸ್ಟೇಟ್‌ಗೆ ಅಲ್ಲ. ಬಾಗಿಲು, ಕಿಡಕಿ ಎರಡಕ್ಕೂ ಒಂದೇ ಲೀನಿಯರ್ ಇದ್ದರೆ ಬಚ್ಚಲ ಬಾಗಿಲನ್ನು ಆರಡಿಗೆ ಎಳೆಯಲು ಯಾರೂ ಅಡ್ಡ ಬರುವುದಿಲ್ಲ.

ಇಷ್ಟು ಹೇಳಿ ಹುಡುಗನನ್ನು ಕಳಿಸಿದರೆ ಅವನು ಸಂಜೆಗೆ ವಾಪಸ್ ಬರುತ್ತಾನೆ, ಏಕೆಂದರೆ ಅವನು 31 ಸ್ಟೇಟ್ ಬರೆದದ್ದಕ್ಕೂ ಕಾರಣವಿದೆ. ಬಾಗಿಲು ಹಿಗ್ಗಲು ಒಪ್ಪುವುದಿಲ್ಲ. ಚೌಕಟ್ಟನ್ನು ಸ್ಟ್ರೆಚ್ ಮಾಡಬಹುದು, ಕದ ತಿರುಗುವ ಆರ್ಕನ್ನು ಸ್ಟ್ರೆಚ್ ಮಾಡಿದರೆ ಅದು ಕಾಲುವೃತ್ತವಾಗಿ ಉಳಿಯುವುದಿಲ್ಲ. ಆರ್ಕಿಗೆ ಸ್ಕೇಲ್ ಆ್ಯಕ್ಷನ್ ಕೊಡಬೇಕು, ಅದರ ಬೇಸ್ ಪಾಯಿಂಟನ್ನು ಕೀಲು ಇರುವ ಮೂಲೆಗೆ ಕಟ್ಟಬೇಕು. ಆದರೆ ಕದವನ್ನೂ ಅದೇ ಸ್ಕೇಲಿಗೆ ಸೇರಿಸಿದರೆ 36 ಇಂಚಿಗೆ ಬರೆದ ಒಂದೂವರೆ ಇಂಚಿನ ಕದ 42ಕ್ಕೆ ಹೋದಾಗ 1.75 ಇಂಚು ದಪ್ಪವಾಗುತ್ತದೆ. ತೆರೆದು ನಿಂತ ಕದಕ್ಕೆ ಪ್ರತ್ಯೇಕ ಸ್ಟ್ರೆಚ್ ಕೊಟ್ಟು, ಅದರ Angle Offset ಅನ್ನು 90 ಮಾಡಬೇಕು. ಆಗ ಅಗಲವನ್ನು ಅಡ್ಡಕ್ಕೆ ಎಳೆದರೆ ಕದ ಉದ್ದಕ್ಕೆ ಬೆಳೆಯುತ್ತದೆ, ದಪ್ಪ ಹಾಗೇ ಇರುತ್ತದೆ. ಜೋಡಿ ಕದದಲ್ಲಿ ಒಂದೊಂದು ಕದ ಅರ್ಧ ಅಗಲದ್ದು, ಅಲ್ಲಿ Distance Multiplier 0.5.

ಫ್ಲಿಪ್‌ನಲ್ಲೂ ಇದೇ ಅರ್ಧದ ಲೆಕ್ಕ. ಫ್ಲಿಪ್ ಗೆರೆ ಬಾಗಿಲಿನ ನಡುವೆ, 18 ಇಂಚಿನಲ್ಲಿದೆ ಎನ್ನಿ. ಅಗಲ 42 ಆದಾಗ ಅದು ಅಲ್ಲೇ ಉಳಿದರೆ, ತಿರುಗಿಸಿದ ಬಾಗಿಲು ಪಕ್ಕದ ಗೋಡೆಯೊಳಗೆ ಆರು ಇಂಚು ನುಗ್ಗುತ್ತದೆ. ಫ್ಲಿಪ್ ಗೆರೆಗೂ 0.5ರ ಮೂವ್ ಕೊಟ್ಟರೆ ಅದು 21ಕ್ಕೆ ಸರಿದು ಸರಿಹೋಗುತ್ತದೆ.

ಹೆಚ್ಚು ಜನ ಸೋಲುವುದು ಮಾತ್ರ ಇದಕ್ಕಿಂತ ಸಣ್ಣ ಕಡೆ. BEDIT ಒಳಗೆ ಒಂಟಿ ಕದದ ಸ್ಟೇಟ್ ತೆರೆದಿರುವಾಗ ಜೋಡಿ ಕದದ ಗೆರೆಗಳು ಕಾಣುವುದಿಲ್ಲ. ಕಾಣದ್ದನ್ನು ಸ್ಕೇಲಿಗೋ ಸ್ಟ್ರೆಚ್‌ಗೋ ಆರಿಸಿಕೊಳ್ಳುವುದೂ ಆಗುವುದಿಲ್ಲ. ಎಲ್ಲ ಸರಿಯಿದೆ ಅಂದುಕೊಂಡು ಬ್ಲಾಕ್ ಉಳಿಸುತ್ತಾರೆ. ತಿಂಗಳು ಕಳೆದ ಮೇಲೆ ಒಬ್ಬರು ಬಾಗಿಲನ್ನು 42ಕ್ಕೆ ಎಳೆದು ನಂತರ ಜೋಡಿ ಕದಕ್ಕೆ ಬದಲಿಸುತ್ತಾರೆ. ಚೌಕಟ್ಟು ಮೂರೂವರೆ ಅಡಿ, ಕದಗಳು ಮೂರಡಿ, ನಡುವೆ ಆರು ಇಂಚು ತೆರಪು. BVMODE ಅನ್ನು 1 ಮಾಡಿಕೊಂಡರೆ ಅಡಗಿದ ಗೆರೆಗಳು ಮಸುಕಾಗಿ ಕಾಣುತ್ತವೆ, ಅವನ್ನೂ ಆ್ಯಕ್ಷನ್‌ಗೆ ಸೇರಿಸಬಹುದು. ಪರೀಕ್ಷೆಗೂ ಒಂದು ಕ್ರಮ ಬೇಕು. BTESTBLOCK ತೆರೆದು ಮೊದಲು ಅಗಲ ಬದಲಿಸಿ, ಆಮೇಲೆ ಸ್ಟೇಟ್‌ಗಳನ್ನು ಒಂದೊಂದಾಗಿ ತಿರುಗಿಸಿ. ಬರೆದ ಅಳತೆಯಲ್ಲೇ ಸ್ಟೇಟ್ ತಿರುಗಿಸಿ ನೋಡಿದರೆ ಈ ತಪ್ಪು ಎಂದೂ ಸಿಗುವುದಿಲ್ಲ, ಹುಡುಗ ಹಾಗೇ ನೋಡುತ್ತಿದ್ದ.

ಅವನ ಪದ್ಧತಿಗೆ ಒಂದು ಅಂಕ ಕೊಡಲೇಬೇಕು. ಬಡಿಗನಿಗೆ ಕೊಡುವ ಬಾಗಿಲ ಲೆಕ್ಕ ಅವನಿಗೆ ಸ್ಟೇಟ್ ಹೆಸರಿನಿಂದಲೇ ಸಿಗುತ್ತಿತ್ತು. ನನ್ನದರಲ್ಲಿ ಹೆಸರು ಮತ್ತು ಅಗಲ ಎರಡನ್ನೂ ಕೂಡಿಸಿ ಓದಬೇಕು. DATAEXTRACTION ಅದನ್ನು ಮಾಡುತ್ತದೆ. ಹಳೆಯ ಲಿಸ್ಪ್‌ನಿಂದ ಎಣಿಸುವವರು ಇಬ್ಬರ ಬ್ಲಾಕಿನಲ್ಲೂ ಎಡವುತ್ತಾರೆ. ಡೈನಾಮಿಕ್ ಬ್ಲಾಕಿನ ರೂಪ ಬದಲಿಸಿದ ಕೂಡಲೇ ಆಟೋಕ್ಯಾಡ್ ಒಳಗೊಳಗೇ ಅದಕ್ಕೆ *U12 ಎಂಬಂಥ ಅನಾಮಧೇಯ ಹೆಸರು ಕೊಡುತ್ತದೆ. BAGILU ಎಂದು ಮಾತ್ರ ಹುಡುಕಿದರೆ ಬದಲಿಸಿದ ಬಾಗಿಲುಗಳು ಲೆಕ್ಕದಿಂದ ಜಾರುತ್ತವೆ. ಹುಡುಕಾಟ ಹೀಗಿರಬೇಕು:

```
(ssget "_X" '((0 . "INSERT") (2 . "BAGILU,`*U*")))
```

ಸಿಕ್ಕವುಗಳಲ್ಲಿ ಬೇರೆ ಬ್ಲಾಕ್‌ಗಳೂ ಸೇರಿರುತ್ತವೆ, ಆದ್ದರಿಂದ ಒಂದೊಂದರ EffectiveName ಓದಿ ಬೇರ್ಪಡಿಸಬೇಕು. ಬಡಿಗನ ಪಟ್ಟಿಯಲ್ಲಿ ಎರಡು ಬಾಗಿಲು ಕಡಿಮೆ ಬಿದ್ದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಆ ದಿನ ನಾವು ನೋಡುತ್ತಿದ್ದ ಪ್ಲಾನು ಹಳೆಯ ಕಲ್ಲುಮನೆಗೆ ಹಿಂದೆ ಎರಡು ಕೋಣೆ ಕೂಡಿಸುವುದು. ಹೊಸ ಕೋಣೆಗಳಿಗೆ ಮೂರು ಸ್ಟೇಟಿನ ಬಾಗಿಲು ಹತ್ತು ನಿಮಿಷದಲ್ಲಿ ಕೂತಿತು. ಮುಂದಿನ ಪಡಸಾಲೆಯ ಕಿಡಕಿಗೆ ಬಂದಾಗ ನನ್ನ ಬ್ಲಾಕೂ ನಿಂತಿತು. ಆ 18 ಇಂಚಿನ ಗೋಡೆಯಲ್ಲಿ ಕಿಡಕಿಯ ಮಗ್ಗುಲು ನೇರವಾಗಿರಲಿಲ್ಲ; ಹೊರಗೆ ಕಿರಿದು, ಒಳಗೆ ಬರುತ್ತ ಓರೆಯಾಗಿ ಅಗಲ, ಬೆಳಕು ಹರಡಲೆಂದು. ಅದು ಅಳತೆಯ ವ್ಯತ್ಯಾಸವಲ್ಲ, ಗೆರೆಗಳೇ ಬೇರೆ. ಅದಕ್ಕೊಂದು ಸ್ಟೇಟ್ ಬರೆಯಲೇಬೇಕಾಯಿತು. ಹುಡುಗನ 31ರಲ್ಲಿ ಅದೊಂದು ಇರಲಿಲ್ಲ.